ಪದಚರ್ಚೆ: ‘ಸ್ವರಾಂತರ’ದಲ್ಲಿರುವುದು ಯಾವ ಅಂತರ?

ಬಳಗದವರಿಗೆ ನಮಸ್ಕಾರ.

ಸ್ವರಗಳ ಹಿಂದಿನ ಲೆಕ್ಕದ ಬಗ್ಗೆ ಪಿಯುಸಿ ಮಕ್ಕಳಿಗಾಗಿ ಒಂದು ಪುಸ್ತಿಕೆ ಬರೆಯುತ್ತಿದ್ದೇನೆ. ಎರಡು ಸ್ವರಗಳ ನಡುವಿನ ‘ಇಂಟರ್‌ವಲ್’ಗೆ ‘ಸ್ವರಾಂತರ’ ಎಂದು ಬರೆದು, ಎರಡನೆಯ ಯೋಚನೆಯಿಲ್ಲದೆ ಮುಂದೆ ಹೋಗಿದ್ದೆ. ಕರಡು ಓದಿದ ನನ್ನ ತಂಗಿಯ ಮಗ ಪುಟದ ಅಂಚಿನಲ್ಲಿ ಪೆನ್ಸಿಲಿನಿಂದ ಹೀಗೆ ಬರೆದಿಟ್ಟಿದ್ದ: ‘ಸಾ 240 ಹರ್ಟ್ಸ್, ಪ 360 ಹರ್ಟ್ಸ್, ಸ್ವರಾಂತರ 120.’

ಹುಡುಗನನ್ನು ಬೈಯಲು ಮನಸ್ಸಾಗಲಿಲ್ಲ. ಅಂತರ ಎಂದರೆ ದೊಡ್ಡದರಿಂದ ಚಿಕ್ಕದನ್ನು ಕಳೆ ಎಂದೇ ಅವನಿಗೆ ಕಲಿಸಿದ್ದಾರೆ. ಆದರೆ ಅದೇ ಸಾ-ಪ ಜೋಡಿಯನ್ನು ತಾರಸ್ಥಾಯಿಯಲ್ಲಿ ಹಾಡಿದರೆ 480 ಮತ್ತು 720. ಅವನ ಲೆಕ್ಕದಲ್ಲಿ ಅಂತರ 240 ಆಗಿಬಿಡುತ್ತದೆ. ಕಿವಿಗೋ ಎರಡೂ ಒಂದೇ ನೆಗೆತ. ಬದಲಾಗದೆ ಉಳಿಯುವುದು 3/2 ಎಂಬ ಅನುಪಾತ ಮಾತ್ರ. ಹಾಗಾದರೆ ‘ಸ್ವರಾಂತರ’ವನ್ನು ಬಿಟ್ಟು ‘ಸ್ವರಾನುಪಾತ’ ಎನ್ನಬೇಕೆ? ಜೊತೆಗೆ ‘ಸೆಮಿಟೋನ್’ಗೆ ‘ಅರ್ಧಸ್ವರ’ ಸಾಕೇ, ‘ಸೆಂಟ್’ಗೆ ಏನಾದರೂ ಕನ್ನಡ ಇದೆಯೇ, ತಿಳಿಸಿ.

ಪುತ್ತೂರಿನಿಂದ ಒಬ್ಬರು:

ಸೆಂಟ್‌ಗೆ ಕನ್ನಡ ಹುಡುಕುವುದೇಕೆ ಮೇಡಂ? ನಮ್ಮ ಕಡೆ ಅದು ಕನ್ನಡವೇ. ನೂರು ಸೆಂಟ್ಸ್ ಸೇರಿದರೆ ಒಂದು ಎಕರೆ. ಘಟ್ಟದ ಮೇಲಿನವರು ಗುಂಟೆಯಲ್ಲಿ ಹೇಳುವುದನ್ನು ನಾವು ಸೆಂಟ್ಸಿನಲ್ಲಿ ಹೇಳುತ್ತೇವೆ. ನನ್ನ ಮನೆಯೇ ಎಂಟು ಸೆಂಟ್ಸ್ ಜಾಗದಲ್ಲಿದೆ. ಅದರ ಗಡಿಯ ತಕರಾರು ಇನ್ನೂ ಮುಗಿದಿಲ್ಲ, ಆ ಮಾತು ಇಲ್ಲಿ ಬೇಡ.

ನಿಮ್ಮ ತಂಗಿಯ ಮಗನ ಲೆಕ್ಕದಲ್ಲಿ ದೊಡ್ಡ ದೋಷವೇನೂ ಕಾಣುವುದಿಲ್ಲ. ಸಾ 240, ಮೇಲಿನ ಸಾ 480, ನಡುವೆ 240 ಹರ್ಟ್ಸ್ ಜಾಗ. ಹನ್ನೆರಡು ಸ್ವರಸ್ಥಾನಗಳಿಗೆ ಪಾಲು ಮಾಡಿದರೆ ತಲಾ 20. ಒಂದೊಂದು ಪಾಲನ್ನು ಮತ್ತೆ ನೂರು ಮಾಡಿದರೆ ನಿಮ್ಮ ಸೆಂಟ್. ಎಕರೆಯ ಹಾಗೆಯೇ ಅಲ್ಲವೇ?

ಧಾರವಾಡದಿಂದ ನಿವೃತ್ತ ಗಣಿತದ ಮೇಷ್ಟ್ರೊಬ್ಬರು:

ಪುತ್ತೂರಿನ ಮಹನೀಯರು ಅರ್ಧ ಸರಿ. ಹನ್ನೆರಡು ಪಾಲು, ಪಾಲಿಗೆ ನೂರು ಎಂಬುದು ನಿಜ. ಪಾಲು ಮಾಡುವ ಕ್ರಮ ಮಾತ್ರ ಜಮೀನಿನದಲ್ಲ. ಅವರ ಲೆಕ್ಕದಲ್ಲೇ ಪಂಚಮ ಕೂರಿಸಿ ನೋಡೋಣ. ಪಂಚಮ ಸಾದಿಂದ ಏಳನೆಯ ಮನೆ. 240ಕ್ಕೆ ಏಳು ಇಪ್ಪತ್ತು ಸೇರಿಸಿದರೆ 380. ತಂಬೂರಿಯ ಪಂಚಮ ನುಡಿಯುವುದು 360ರಲ್ಲಿ. ಈ 380 ಎಂಬುದು ಸರಿಯಾದ ಲೆಕ್ಕದಲ್ಲಿ ಸಾದಿಂದ 796 ಸೆಂಟ್ ದೂರ. ಅಂದರೆ ಪಂಚಮ ಎಂದುಕೊಂಡು ಹಾಡಿದ್ದು ಹೆಚ್ಚುಕಡಿಮೆ ಶುದ್ಧ ಧೈವತವಾಗಿರುತ್ತದೆ. ಪಿಟೀಲಿನಲ್ಲಿ ನನ್ನ ಮೊಮ್ಮಗಳು ಹಾಗೆ ನುಡಿಸಿದರೂ ನಾನು ಕೋಣೆ ಬಿಟ್ಟು ಎದ್ದು ಹೋಗುತ್ತೇನೆ.

ಹನ್ನೆರಡು ಸಲ ಕೂಡಿಸಿ 480 ಮುಟ್ಟುವುದಲ್ಲ, ಹನ್ನೆರಡು ಸಲ ಗುಣಿಸಿ ಮುಟ್ಟಬೇಕು. ಪ್ರತಿ ಮನೆಗೂ ಗುಣಿಸುವ ಸಂಖ್ಯೆ 2ರ ಹನ್ನೆರಡನೆಯ ಮೂಲ, ಸುಮಾರು 1.05946. ಹೀಗೆ ಏಳು ಸಲ ಗುಣಿಸಿದರೆ 359.6 ಬರುತ್ತದೆ. ತಂಬೂರಿಯ 360ಕ್ಕೆ ಬಹಳ ಹತ್ತಿರ.

ಈಗ ಮೂಲ ಪ್ರಶ್ನೆ. ಹತ್ತನೆಯ ತರಗತಿಯ ಪುಸ್ತಕದ ಎರಡು ಹಳೆಯ ಪದಗಳನ್ನು ನೆನಪಿಸಿಕೊಳ್ಳಿ: ಗುಣೋತ್ತರ ಶ್ರೇಢಿ, ಸಮಾಂತರ ಶ್ರೇಢಿ. ಮೊದಲನೆಯದರಲ್ಲಿ ಒಂದೇ ಸಂಖ್ಯೆಯಿಂದ ಗುಣಿಸುತ್ತ ಹೋಗುತ್ತೇವೆ, ಎರಡನೆಯದರಲ್ಲಿ ಒಂದೇ ಸಂಖ್ಯೆಯನ್ನು ಕೂಡಿಸುತ್ತ ಹೋಗುತ್ತೇವೆ. ಸ್ವರಸ್ಥಾನಗಳ ಆವೃತ್ತಿಗಳು ಗುಣೋತ್ತರ ಶ್ರೇಢಿಯಲ್ಲಿವೆ. ಲಘುಗಣಕ ತೆಗೆದ ಕೂಡಲೇ ಅವು ಸಮಾಂತರ ಶ್ರೇಢಿಯಾಗುತ್ತವೆ. ‘ಸಮಾಂತರ’ದ ಒಳಗೇ ನಿಮ್ಮ ‘ಅಂತರ’ ಕುಳಿತಿದೆ, ನೋಡಿ. ಸ್ವರಾಂತರ ಎಂಬ ಪದ ತಪ್ಪಲ್ಲ. ಹುಡುಗ ಕಳೆಯಬೇಕಾದದ್ದು ಹರ್ಟ್ಸ್‌ಗಳನ್ನಲ್ಲ, ಅವುಗಳ ಲಘುಗಣಕಗಳನ್ನು. ಸಾದಿಂದ ಶುದ್ಧ ಮಧ್ಯಮಕ್ಕೆ 4/3, ಅಲ್ಲಿಂದ ಮೇಲಿನ ಸಾಗೆ 3/2, ಗುಣಿಸಿದರೆ 2. ಸೆಂಟ್‌ನಲ್ಲಿ ಅದೇ ಮಾತು 498 ಮತ್ತು 702, ಕೂಡಿಸಿದರೆ 1200. ಕೂಡಿಸಬಹುದಾದ್ದಕ್ಕೆ ‘ಅಂತರ’ ಎನ್ನಲು ಅಡ್ಡಿಯಿಲ್ಲ. ‘ಸ್ವರಾನುಪಾತ’ವೂ ಇರಲಿ, 3/2ಕ್ಕೆ.

ಕ್ಯಾಲ್ಕುಲೇಟರ್‌ನಲ್ಲಿ ಮಾಡುವ ಬಗೆ ಇಷ್ಟೇ. 360ನ್ನು 240ರಿಂದ ಭಾಗಿಸಿದರೆ 1.5. ಅದರ `log` 0.17609. ಇದನ್ನು 2ರ `log` ಆದ 0.30103ರಿಂದ ಭಾಗಿಸಿದರೆ 0.58496. ಇದನ್ನು 12ರಿಂದ ಗುಣಿಸಿದರೆ 7.02 ಸೆಮಿಟೋನ್, 1200ರಿಂದ ಗುಣಿಸಿದರೆ 702 ಸೆಂಟ್. ಹುಡುಗರು ಎಡವುವುದು ಭಾಗಾಕಾರ ಮರೆತು. ಪರೀಕ್ಷೆಗೆ ಮೊದಲು 1.5ರ ಬದಲು 2 ಹಾಕಿ ನೋಡಲಿ. 1200 ಬಂದರೆ ಸರಿ. 361 ಬಂದರೆ `log` ಒತ್ತಿ ಭಾಗಿಸುವುದನ್ನು ಮರೆತಿದ್ದಾರೆ, 832 ಬಂದರೆ `ln` ಒತ್ತಿ ಮರೆತಿದ್ದಾರೆ.

ಒಂದು ಎಚ್ಚರಿಕೆ: ಪುಸ್ತಿಕೆಯಲ್ಲಿ ‘ಲಘುಗಣಕ’ ಎಂದು ಬರೆದರೆ ಸಂಗೀತದ ಮಕ್ಕಳು ಆದಿತಾಳದ ಲಘು ಎಂದುಕೊಂಡು ಬೆರಳು ಎಣಿಸಲು ಶುರುಮಾಡಿಯಾರು.

ಸಿಂಗಪುರದಿಂದ ವೀಣೆಯ ವಿದ್ಯಾರ್ಥಿನಿ:

ಚರ್ಚೆಯ ನಡುವೆ ನನ್ನ ಗೋಳು ಹೇಳುತ್ತಿದ್ದೇನೆ, ಕ್ಷಮಿಸಿ. ಮೊಬೈಲಿನ ಟ್ಯೂನರ್ ಆ್ಯಪ್‌ನಲ್ಲಿ ನನ್ನ ಅಂತರ ಗಾಂಧಾರ ಯಾವಾಗಲೂ -14 ಎಂದು ಕೆಂಪಗೆ ತೋರಿಸುತ್ತದೆ. ವಿಡಿಯೊ ಪಾಠದಲ್ಲಿ ನಮ್ಮ ಗುರುಗಳು ‘ಸರಿಯಾಗಿಯೇ ಇದೆ, ಮುಟ್ಟಬೇಡ’ ಎನ್ನುತ್ತಾರೆ. 14 ಹರ್ಟ್ಸ್ ಕಡಿಮೆಯಾದರೂ ಅವರಿಗೆ ಕೇಳಿಸುವುದಿಲ್ಲವೇ? ಇನ್ನೊಂದು ಅನುಮಾನ: ‘ಅಂತರ ಗಾಂಧಾರ’ದ ಅಂತರವೂ ನೀವು ಚರ್ಚಿಸುತ್ತಿರುವ ಅಂತರವೂ ಒಂದೆಯೇ?

ಧಾರವಾಡದ ಮೇಷ್ಟ್ರು:

ತಂಗಿ, ಅದು 14 ಹರ್ಟ್ಸ್ ಅಲ್ಲ, 14 ಸೆಂಟ್. ನಿಮ್ಮ ಗುರುಗಳ ಕಿವಿ ಸರಿಯಿದೆ, ಆ್ಯಪ್ ಕೂಡ ಸುಳ್ಳು ಹೇಳುತ್ತಿಲ್ಲ. ಸಾ 240 ಆದರೆ ತಂಬೂರಿಗೆ ಹೊಂದುವ ಅಂತರ ಗಾಂಧಾರ 5/4, ಅಂದರೆ 300 ಹರ್ಟ್ಸ್, 386 ಸೆಂಟ್. ಆ್ಯಪ್ ಬಯಸುವುದು ಹಾರ್ಮೋನಿಯಂನ ಸಮಪಾಲಿನ ನಾಲ್ಕನೆಯ ಮನೆ, 400 ಸೆಂಟ್, 302.4 ಹರ್ಟ್ಸ್. ವ್ಯತ್ಯಾಸ ಎರಡೂವರೆ ಹರ್ಟ್ಸ್ ಕೂಡ ಇಲ್ಲ. ತಾರಸ್ಥಾಯಿಗೆ ಹೋದರೆ ಅದು 4.8 ಹರ್ಟ್ಸ್ ಆಗುತ್ತದೆ, ಮಂದ್ರದಲ್ಲಿ 1.2ಕ್ಕೆ ಇಳಿಯುತ್ತದೆ. ಸೆಂಟ್ ಮಾತ್ರ ಮೂರೂ ಕಡೆ 14.

ತಪ್ಪು ಎಲ್ಲಿದೆ ಎಂದು ಹೀಗೆ ಕಂಡುಕೊಳ್ಳಿ. ಸಾ, ರಿ, ಗ, ಪ ಎಲ್ಲವೂ ಒಂದೇ ಅಂಕಿಯಷ್ಟು ಹೆಚ್ಚುಕಡಿಮೆ ತೋರಿಸಿದರೆ ಆ್ಯಪ್‌ಗೆ ಕೊಟ್ಟ ಸಾ ನಿಮ್ಮ ಸಾ ಅಲ್ಲ. ಸಾ ಸೊನ್ನೆಯಲ್ಲಿ ನಿಂತು, ಪಂಚಮ +2, ಗಾಂಧಾರ -14 ಬಂದರೆ ವೀಣೆಗೆ ಏನೂ ಆಗಿಲ್ಲ.

ಅಂತರ ಗಾಂಧಾರದ ‘ಅಂತರ’ ಬೇರೆ. ಅಲ್ಲಿ ನಡುವಿನದು ಎಂಬ ಅರ್ಥ. ಎರಡು ಸ್ವರಗಳ ನಡುವೆ ಬಂದು ಕೂತದ್ದು. ಅಳತೆಯ ಮಾತಲ್ಲ.

ಮೈಸೂರಿನ ವೈಣಿಕರೊಬ್ಬರು:

‘ಅರ್ಧಸ್ವರ’ ನನಗೆ ರುಚಿಸುವುದಿಲ್ಲ. ಯಾವುದರ ಅರ್ಧ? ಸಾ ಮತ್ತು ಚತುಶ್ರುತಿ ರಿಷಭದ ನಡುವೆ 9/8 ಎಂದು ಹಿಡಿದರೆ, ಅದರ ಅರ್ಧ 9/16 ಆಗುವುದಿಲ್ಲ. 9/16ರಿಂದ ಗುಣಿಸಿದರೆ ಸ್ವರ ಕೆಳಗೆ ಎಲ್ಲೋ ಮಂದ್ರದಲ್ಲಿ ಬೀಳುತ್ತದೆ. ಮೇಷ್ಟ್ರು ಹೇಳಿದ ಲಘುಗಣಕದಲ್ಲಿ ಮಾತ್ರ ಅದು ಅರ್ಧ. ವೀಣೆಯಲ್ಲಿ ಒಳ್ಳೆಯ ಪದ ಆಗಲೇ ಇದೆ: ಮೆಟ್ಟಿಲು. ಸ್ಥಾಯಿಗೆ ಹನ್ನೆರಡು, ಒಟ್ಟು ಇಪ್ಪತ್ತನಾಲ್ಕು. ಮಕ್ಕಳಿಗೆ ಕಣ್ಣಿಗೆ ಕಾಣುತ್ತದೆ ಕೂಡ. ತಂತಿಯ ನುಡಿಯುವ ಉದ್ದ 84 ಸೆಂಟಿಮೀಟರ್ ಎಂದಿಟ್ಟುಕೊಂಡು ಸಮಪಾಲಿನ ಲೆಕ್ಕ ಹಾಕಿದರೆ, ಮೊದಲ ಮೆಟ್ಟಿಲಿಗೆ 4.7 ಸೆಂಟಿಮೀಟರ್ ಜಾಗ ಬೇಕು, ಕೊನೆಯ ಎರಡು ಮೆಟ್ಟಿಲುಗಳ ನಡುವೆ ಉಳಿಯುವುದು 1.25. ಕೈಗೆ ಸಿಗುವ ಜಾಗ ನಾಲ್ಕರಲ್ಲಿ ಒಂದು ಪಾಲಿನಷ್ಟಾದರೂ ಕಿವಿಗೆ ಎರಡೂ ಒಂದೇ ಮೆಟ್ಟಿಲು.

ಆದರೆ ನಮ್ಮ ಮೆಟ್ಟಿಲುಗಳನ್ನು ಮೇಣದ ಮೇಲೆ ಕಿವಿಯಿಂದ ಕೂರಿಸುತ್ತಾರೆ. ಅಳತೆಪಟ್ಟಿ ಹಿಡಿದು ನೋಡಿದರೆ ಈ ಅಂಕಿಗಳೇ ಸಿಗಬೇಕೆಂದು ನಿರೀಕ್ಷಿಸಬೇಡಿ. ಗಮಕ ಬಂದ ಕಡೆಯಂತೂ ಸ್ವರ ಒಂದು ಅಂಕಿಯ ಮೇಲೆ ನಿಲ್ಲುವುದೇ ಇಲ್ಲ. ತೋಡಿಯ ಗಾಂಧಾರ ಎಷ್ಟು ಸೆಂಟ್ ಎಂದು ಕೇಳಿದರೆ ನಾನು ನುಡಿಸಿ ತೋರಿಸುತ್ತೇನೆಯೇ ಹೊರತು ಅಂಕಿ ಹೇಳುವುದಿಲ್ಲ.

ಸೆಂಟ್‌ಗೆ ‘ಶ್ರುತಿ’ ಎಂದು ಯಾರಾದರೂ ಸೂಚಿಸುವ ಮೊದಲೇ ಹೇಳಿಬಿಡುತ್ತೇನೆ, ಬೇಡ. ಇಪ್ಪತ್ತೆರಡು ಶ್ರುತಿಗಳು ಸಮಪಾಲಲ್ಲ. ಸಾಮಾನ್ಯವಾಗಿ ಹೇಳುವ ಲೆಕ್ಕದಲ್ಲಿ ಒಂದು ಶ್ರುತಿಯಿಂದ ಮುಂದಿನದಕ್ಕೆ ಕೆಲವು ಕಡೆ 90 ಸೆಂಟ್, ಕೆಲವು ಕಡೆ 71, ಕೆಲವು ಕಡೆ ಬರೀ 22. ಅದರ ಮೇಲೆ ತಂಬೂರಿಯ ನಾದಕ್ಕೂ ನಾವು ಶ್ರುತಿ ಎಂದೇ ಹೇಳುತ್ತೇವೆ.

ಪುತ್ತೂರಿನವರು:

380ರ ಪಂಚಮದ ವಿಚಾರದಲ್ಲಿ ಸೋತೆ. ಮನೆಯ ಹಾರ್ಮೋನಿಯಂನಲ್ಲಿ ಸಾ ಮತ್ತು ಎಂಟನೆಯ ಮನೆ ಒಟ್ಟಿಗೆ ಒತ್ತಿ ಕೇಳಿದೆ, ಹಲ್ಲು ಜುಮ್ಮೆಂದಿತು. ಆದರೆ ‘ಮೆಟ್ಟಿಲು’ ವೀಣೆಯವರ ಪದ. ನಮ್ಮ ಯಕ್ಷಗಾನದ ಭಾಗವತರು ‘ಕಪ್ಪು ಎರಡು’, ‘ಬಿಳಿ ಒಂದು’ ಎಂದು ಶ್ರುತಿ ಹೇಳುವವರು. ಮೇಷ್ಟ್ರು ತಾವಾಗಿಯೇ ‘ಏಳನೆಯ ಮನೆ’ ಎಂದು ಬರೆದಿದ್ದಾರೆ, ಗಮನಿಸಿ. ನನ್ನ ಮತ ‘ಮನೆ’ಗೆ.

ಮೊದಲು ಕೇಳಿದವಳಿಂದ:

ಎಲ್ಲರಿಗೂ ವಂದನೆ. ‘ಸ್ವರಾಂತರ’ ಉಳಿಯಿತು. 3/2ರಂಥವಕ್ಕೆ ‘ಅನುಪಾತ’, ಲಘುಗಣಕ ತೆಗೆದ ಮೇಲೆ ಬರುವುದಕ್ಕೆ ‘ಸ್ವರಾಂತರ’ ಎಂದು ಕೊನೆಯವರೆಗೂ ಬೇರೆಬೇರೆಯಾಗಿ ಬಳಸುತ್ತೇನೆ. ಸೆಂಟ್ ಸೆಂಟ್ ಆಗಿಯೇ ಇರಲಿ. 1885ರಲ್ಲಿ ಈ ಅಳತೆಯನ್ನು ಬಳಕೆಗೆ ತಂದ ಅಲೆಕ್ಸಾಂಡರ್ ಎಲ್ಲಿಸ್ ಉಚ್ಚಾರಣೆಯ ಬಗ್ಗೆ ದಪ್ಪ ಸಂಪುಟಗಳನ್ನು ಬರೆದ ಭಾಷಾಪಂಡಿತ. ನಮ್ಮ ಬಳಗದಲ್ಲಿದ್ದಿದ್ದರೆ ದಿನಕ್ಕೆ ಮೂರು ಪತ್ರ ಬರೆಯುತ್ತಿದ್ದನೋ ಏನೋ.

ಮೆಟ್ಟಿಲೋ ಮನೆಯೋ ತೀರ್ಮಾನವಾಗಿಲ್ಲ. ‘ಏಳನೆಯ ಮನೆ’ ಎಂದರೆ ಸಾವನ್ನು ಒಂದು ಎಂದು ಎಣಿಸಬೇಕೇ, ಸೊನ್ನೆ ಎಂದೇ? ಮೇಷ್ಟ್ರು ಸೊನ್ನೆಯಿಂದ ಎಣಿಸಿದ್ದಾರೆ. ಪುತ್ತೂರಿನವರು ಎಂಟನೆಯ ಮನೆ ಒತ್ತಿದಾಗ ಒಂದರಿಂದ ಎಣಿಸಿದ್ದರೆ, ಹಲ್ಲು ಜುಮ್ಮೆನ್ನಿಸಿದ್ದು ಪಂಚಮವೇ ಆಗಿರಬೇಕು. ದಯವಿಟ್ಟು ಇನ್ನೊಮ್ಮೆ ಒತ್ತಿ ನೋಡಿ ಬರೆಯುತ್ತೀರಾ?