ಸಹಾಯ ಬೇಕು: ಗುಂಪಿನ ಕಂಪನಿಗಳ ನಡುವಿನ ವೆಚ್ಚ ಹಂಚಿಕೆ

ನಮ್ಮ ಮಾತೃ ಕಂಪನಿ ಮೂರೂ ಕಂಪನಿಗಳ ಸಂಬಳದ ಕೆಲಸ ನೋಡಿಕೊಳ್ಳುತ್ತದೆ. ಆ ವಿಭಾಗದ ವೆಚ್ಚ ತಿಂಗಳಿಗೆ 6 ಲಕ್ಷ ರೂಪಾಯಿ. ಇದುವರೆಗೆ ವಹಿವಾಟಿನ ಪ್ರಮಾಣದಲ್ಲಿ ಹಂಚಿ ಇನ್‌ವಾಯ್ಸ್ ಮಾಡುತ್ತಿದ್ದೆವು. ಹೀಗಾಗಿ ವಹಿವಾಟಿನಲ್ಲಿ ಅರ್ಧ ಪಾಲಿರುವ ತರಕಾರಿ ಮಾರಾಟದ ಕಂಪನಿಗೆ 3 ಲಕ್ಷ ಬೀಳುತ್ತಿದೆ. ಅಲ್ಲಿರುವುದು ಹತ್ತೇ ಜನ! ಒಟ್ಟು 250 ನೌಕರರ ಲೆಕ್ಕದಲ್ಲಿ ಹಂಚಿದರೆ ತಲೆಗೆ 2,400ರಂತೆ ಅದರ ಪಾಲು ಬರೀ 24,000.

ತಾಜಾ ತರಕಾರಿಗೆ ಜಿಎಸ್‌ಟಿ ವಿನಾಯಿತಿ ಇರುವುದರಿಂದ ಆ ಕಂಪನಿಗೆ ಇನ್‌ಪುಟ್ ಕ್ರೆಡಿಟ್ ಸಿಗುವುದಿಲ್ಲ. 3 ಲಕ್ಷದ ಮೇಲಿನ ಶೇ 18, ಅಂದರೆ 54,000 ರೂಪಾಯಿ, ಪ್ರತಿ ತಿಂಗಳೂ ನೇರ ನಷ್ಟ. ಪೂರ್ಣ ಕ್ರೆಡಿಟ್ ಸಿಗುವವರಿಗಾದರೆ 28ನೇ ನಿಯಮದಂತೆ ಇನ್‌ವಾಯ್ಸ್‌ನಲ್ಲಿ ತೋರಿಸಿದ ಮೌಲ್ಯವನ್ನೇ ಒಪ್ಪುತ್ತಾರೆ. ಇಲ್ಲಿ ಆ ರಕ್ಷಣೆ ಇಲ್ಲ. ದಿಢೀರನೆ ಮೊತ್ತ ಇಳಿಸಿದರೆ ತೆರಿಗೆ ಅಧಿಕಾರಿ ಕಾರಣ ಕೇಳದೆ ಬಿಡುತ್ತಾರೆಯೇ?

ಸಂಬಳದ ಕೆಲಸಕ್ಕೆ ತಲೆಎಣಿಕೆಯೇ ನ್ಯಾಯ ಎಂಬುದರಲ್ಲಿ ನನಗೆ ಅನುಮಾನವಿಲ್ಲ. ಆದರೆ ಒಪ್ಪಂದದಲ್ಲಿ ‘ಸೂಕ್ತ ಆಧಾರದ ಮೇಲೆ’ ಎಂದಷ್ಟೇ ಇದೆ (ಬರೆದವರಿಗೆ ನಮಸ್ಕಾರ). ಈ ವರ್ಷದ ಹಳೆಯ ಇನ್‌ವಾಯ್ಸ್‌ಗಳಿಗೆ ಕ್ರೆಡಿಟ್ ನೋಟ್ ಕೊಡಬಹುದೇ, ಅಥವಾ ಒಪ್ಪಂದ ತಿದ್ದಿ ಮುಂದಿನ ತಿಂಗಳಿಂದ ಮಾತ್ರ ಬದಲಿಸುವುದು ಕ್ಷೇಮವೇ? ತಲೆಎಣಿಕೆಗೆ ತಿಂಗಳ ಕೊನೆಯ ಸಂಖ್ಯೆ ಹಿಡಿಯುತ್ತೀರೋ, ಸರಾಸರಿಯೋ? ಇಂಥದ್ದನ್ನು ನಿಭಾಯಿಸಿದವರು ದಯವಿಟ್ಟು ತಿಳಿಸಿ.