ಸಹಾಯ ಬೇಕು: ಟೈಪ್ 2 ಶುಗರ್ ಇದೆ, ಮಗುಗೆ ಪ್ಲ್ಯಾನ್ ಮಾಡ್ತಿದೀವಿ, ರಾತ್ರಿ ಲೋ ಬೆಳಗ್ಗೆ ಹೈ

ಎಲ್ರಿಗೂ ನಮಸ್ಕಾರ. ನಂಗೆ 32 ವರ್ಷ, ಶುಗರ್ ಬಂದು ನಾಲ್ಕು ವರ್ಷ ಆಯ್ತು. ಎಚ್‌ಬಿಎ1ಸಿ 7.8 ಇತ್ತು, 6.5ರ ಒಳಗೆ ಬರೋವರೆಗೂ ಗರ್ಭನಿರೋಧಕ ನಿಲ್ಲಿಸ್ಬೇಡಿ ಅಂದ್ರು ಡಾಕ್ಟ್ರು, ಯಾಕಂದ್ರೆ ಮಗು ಹೃದಯ, ಬೆನ್ನುಹುರಿ ಎಲ್ಲ ಮೊದಲ ಕೆಲವು ವಾರದಲ್ಲೇ ರೂಪುಗೊಳ್ಳತ್ತಂತೆ, ಎಷ್ಟೋ ಸಲ ನಮ್ಗೆ ಗೊತ್ತಾಗೋಷ್ಟ್ರಲ್ಲಿ ಅದು ಶುರುವಾಗಿರತ್ತೆ. ಅದಕ್ಕೇ ಮಾತ್ರೆನೂ ಈಗ್ಲೇ ಬದಲಾಯಿಸಿದ್ರು: ಡಾಪಾಗ್ಲಿಫ್ಲೋಜಿನ್, ಕೊಲೆಸ್ಟ್ರಾಲ್ ಮಾತ್ರೆ ಬಂದ್, ಬಿಪಿಗೆ ಟೆಲ್ಮಿಸಾರ್ಟನ್ ಬದ್ಲು ಲೆಬೆಟಲಾಲ್, ಮೆಟ್‌ಫಾರ್ಮಿನ್ ಹಾಗೇ ಇದೆ, ಫೋಲಿಕ್ ಆಸಿಡ್ 5 ಮಿಲಿಗ್ರಾಂ, ಜೊತೆಗೆ ರಾತ್ರಿ 14 ಯೂನಿಟ್ ಎನ್‌ಪಿಎಚ್ ಇನ್ಸುಲಿನ್.

ತೊಂದ್ರೆ ಶುರುವಾಗಿದ್ದು ಇಲ್ಲೇ. ರಾತ್ರಿ 8ಕ್ಕೆ ಊಟದ ಮುಂಚೆ ಹಾಕ್ಕೊತೀನಿ, ಮೊನ್ನೆ 3 ಗಂಟೆಗೆ ನೈಟಿ ಪೂರ್ತಿ ಬೆವರಲ್ಲಿ ಒದ್ದೆಯಾಗಿ ಎಚ್ಚರ ಆಯ್ತು, ಕೈ ನಡುಗ್ತಾ ಚೆಕ್ ಮಾಡಿದ್ರೆ 58! ಮೂರು ಚಮಚ ಸಕ್ಕರೆ ನೀರಲ್ಲಿ ಕಲಸಿ ಕುಡಿದೆ, 15 ನಿಮಿಷಕ್ಕೆ 84 ಬಂತು. ಬೆಳಗ್ಗೆ ನೋಡಿದ್ರೆ ಫಾಸ್ಟಿಂಗ್ 138. ಸಕ್ಕರೆ ಕುಡಿದಿದ್ದಕ್ಕೆ ಅಂದ್ಕೊಂಡೆ, ಆದ್ರೆ ಲೋ ಆಗದ ದಿನಾನೂ 130ರ ಮೇಲೇ ಇರತ್ತೆ. ಗರ್ಭಿಣಿ ಆದ್ಮೇಲೆ ಫಾಸ್ಟಿಂಗ್ 95ರ ಒಳಗಿರ್ಬೇಕಂತೆ, ಭಯ ಆಗ್ತಿದೆ.

ಈ ಇನ್ಸುಲಿನ್ ಹಾಕಿದ ಆರೇಳು ಗಂಟೆಗೆ ಜೋರಾಗಿ ಕೆಲಸ ಮಾಡತ್ತಲ್ವಾ, ಹಾಗಾದ್ರೆ ಮಲಗೋ ಟೈಮಿಗೆ, 10:30ಕ್ಕೆ ಹಾಕಿದ್ರೆ ಬೆಳಗಿನ ಜಾವಕ್ಕೆ ಸರಿಹೋಗತ್ತಾ? ಯಾರಾದ್ರೂ ಟೈಮ್ ಬದಲಾಯಿಸಿ ನೋಡಿದೀರಾ, ಡೋಸ್ ಕಮ್ಮಿ ಮಾಡಿದ್ರಾ? ಗುರುವಾರ ಡಾಕ್ಟ್ರ ಹತ್ರ ಹೋಗ್ತೀನಿ, ಅಲ್ಲಿವರೆಗೂ ನಾನಾಗೇ ಏನೂ ಬದಲಾಯಿಸಲ್ಲ, 3 ಗಂಟೆ ರೀಡಿಂಗ್ ಬರೆದಿಡ್ತಿದೀನಿ. ಇನ್ನೇನು ಕೇಳ್ಬೇಕು ಅಂತ ಹೇಳಿ ಪ್ಲೀಸ್.