ಮೂರು ಕಾಗದಗಳಲ್ಲಿ ಮೂರು ರೀತಿಯ ಹೆಸರು: ಅಂಕಪಟ್ಟಿಗಳ ಪ್ರಮಾಣಿತ ಅನುವಾದದ ಬಗ್ಗೆ ಅನುಭವ ಹೇಳಿ

ಕೇಳಿದವರು, ದಾವಣಗೆರೆ: ನನ್ನ ತಂಗಿಯ ಓದಿನ ದಾಖಲೆಗಳನ್ನು ವಿದೇಶದ ಮೌಲ್ಯಮಾಪನ ಸಂಸ್ಥೆಯೊಂದಕ್ಕೆ ಇಂಗ್ಲಿಷ್ ಅನುವಾದದೊಂದಿಗೆ ಕಳುಹಿಸಬೇಕಾಗಿದೆ. 1993ರ ವರ್ಗಾವಣೆ ಪತ್ರದಲ್ಲಿ ‘ಕೆ. ಗಿರಿಜಮ್ಮ’ ಎಂದಿದೆ. 1996ರ ಎಸ್.ಎಸ್.ಎಲ್.ಸಿ. ಅಂಕಪಟ್ಟಿಯಲ್ಲಿ ‘ಗಿರಿಜಮ್ಮ ಕೆ.’ ಎಂದು ಇಂಗ್ಲಿಷಿನಲ್ಲೂ ಇದೆ. 2000ದಲ್ಲಿ ಟಿ.ಸಿ.ಎಚ್. ತರಬೇತಿ ಸಂಸ್ಥೆ ಕೊಟ್ಟ ಕನ್ನಡದ ಅಂಕಪಟ್ಟಿಯಲ್ಲಿ ‘ಗಿರಿಜಾ ಕೆ.’ ಎಂದಿದೆ. ಪಾಸ್‌ಪೋರ್ಟಿನಲ್ಲಿ ‘ಗಿರಿಜಾ ಕೊಟ್ರಪ್ಪ’. ಅನುವಾದದಲ್ಲಿ ಯಾವುದನ್ನು ಬರೆಸಬೇಕು? ದರ್ಜೆಯನ್ನು ಶೇಕಡಾವಾರಿಗೆ ತಿರುಗಿಸಬೇಕೆ? ಮಾಸಿದ ಮೊಹರುಗಳನ್ನು ಏನು ಮಾಡಬೇಕು? ಈ ಕೆಲಸ ಮಾಡಿಸಿದವರು ದಯವಿಟ್ಟು ತಿಳಿಸಿ.

ವಕೀಲರ ಕಚೇರಿಯ ಗುಮಾಸ್ತರು, ಚಿತ್ರದುರ್ಗ: ಸರ್, ಇಷ್ಟು ಚಿಂತೆ ಬೇಡ. ಅನುವಾದವನ್ನು ಪರಿಶೀಲಿಸಿ ದೃಢೀಕರಿಸುವ ಅಧಿಕಾರವನ್ನು 1952ರ ನೋಟರಿ ಕಾಯ್ದೆಯೇ ನೋಟರಿಗಳಿಗೆ ಕೊಟ್ಟಿದೆ. ಮೂರೂ ಕಡೆ ಪಾಸ್‌ಪೋರ್ಟಿನ ಹೆಸರನ್ನೇ ಟೈಪ್ ಮಾಡಿಸಿ ನೋಟರಿಯವರ ಮೊಹರು ಹಾಕಿಸಿದರೆ ಹೆಸರು ಒಂದೇ ಆಗುತ್ತದೆ, ಕೆಲಸವೂ ಮುಗಿಯುತ್ತದೆ. ನಮ್ಮ ಕಚೇರಿಗೆ ಬರುವವರಲ್ಲಿ ಹೆಚ್ಚಿನವರು ಹೀಗೆಯೇ ಮಾಡಿಸುತ್ತಾರೆ.

ಅನುವಾದಕಿ, ದಾವಣಗೆರೆ: ಕಾಯ್ದೆಯ ಬಗ್ಗೆ ಗುಮಾಸ್ತರು ಹೇಳಿದ್ದು ಸರಿ, ಹೆಸರಿನ ಬಗ್ಗೆ ಹೇಳಿದ್ದನ್ನು ಮಾತ್ರ ದಯವಿಟ್ಟು ಮಾಡಬೇಡಿ. ಅನುವಾದಕರು ಸಹಿ ಹಾಕುವುದು ‘ಈ ಕಾಗದದಲ್ಲಿ ಇರುವುದು ಇದು’ ಎಂಬ ಮಾತಿಗೆ. ‘ಈ ಮೂರು ಹೆಸರಿನವರು ಒಬ್ಬರೇ’ ಎಂಬ ಮಾತಿಗೆ ಅಲ್ಲ. ಮೂಲದಲ್ಲಿ ‘ಗಿರಿಜಮ್ಮ’ ಎಂದಿರುವಲ್ಲಿ ಅನುವಾದದಲ್ಲಿ ‘ಗಿರಿಜಾ ಕೊಟ್ರಪ್ಪ’ ಎಂದು ಬಂದರೆ, ಕನ್ನಡ ಬಲ್ಲ ಒಬ್ಬ ಪರಿಶೀಲಕರು ಎರಡನ್ನೂ ಪಕ್ಕದಲ್ಲಿಟ್ಟು ನೋಡಿದ ಕ್ಷಣವೇ ಇಡೀ ಕಟ್ಟಿನ ಮೇಲೆ ಅನುಮಾನ ಮೂಡುತ್ತದೆ. ಆದ್ದರಿಂದ ಪ್ರತಿ ದಾಖಲೆಯ ಹೆಸರು ಅದರಲ್ಲಿ ಇದ್ದಂತೆಯೇ, ಇನಿಷಿಯಲ್ ಮುಂದಿದ್ದರೆ ಮುಂದೆ, ಹಿಂದಿದ್ದರೆ ಹಿಂದೆ ಇರಲಿ. ‘ಕೆ.’ ಎಂಬುದನ್ನು ‘ಕೊಟ್ರಪ್ಪ’ ಎಂದು ಬಿಡಿಸಲು ಅನುವಾದಕರಿಗೆ ಅಧಿಕಾರವಿಲ್ಲ. ಮೂವರೂ ಒಬ್ಬರೇ ಎಂಬುದನ್ನು ನಿಮ್ಮ ತಂಗಿಯವರು ಬೇರೆ ಅಫಿಡವಿಟ್‌ನಲ್ಲಿ, ನಾಲ್ಕೂ ರೂಪಗಳನ್ನು ಕಾಣಿಸಿ, ತಾವೇ ಹೇಳಬೇಕು.

ಹಾಗಾದರೆ ಏಕರೂಪತೆ ಎಲ್ಲಿ ಬೇಕು? ಕಾಗುಣಿತದಲ್ಲಿ ಬೇಕು. ‘ಗಿರಿಜಮ್ಮ’ ಎಂಬ ಒಂದೇ ಕನ್ನಡ ರೂಪಕ್ಕೆ ಒಂದು ಪುಟದಲ್ಲಿ ಒಂದು ಸ್ಪೆಲ್ಲಿಂಗ್, ಇನ್ನೊಂದು ಪುಟದಲ್ಲಿ ಇನ್ನೊಂದು ಇರಬಾರದು. ನಾನು ಕೆಲಸಕ್ಕೆ ಕೂರುವ ಮೊದಲು ಒಂದು ಹಾಳೆಯಲ್ಲಿ ಎಲ್ಲ ದಾಖಲೆಗಳ ವ್ಯಕ್ತಿನಾಮ, ಊರು ಮತ್ತು ಶಾಲೆಯ ಹೆಸರುಗಳನ್ನು ಬರೆದುಕೊಂಡು, ಯಾವುದಾದರೂ ದಾಖಲೆಯಲ್ಲಿಯೇ ಇಂಗ್ಲಿಷ್ ರೂಪ ಮುದ್ರಿತವಾಗಿದ್ದರೆ ಅದನ್ನೇ ಎಲ್ಲೆಡೆಗೂ ತೆಗೆದುಕೊಳ್ಳುತ್ತೇನೆ. ನಿಮಗೆ ಎಸ್.ಎಸ್.ಎಲ್.ಸಿ. ಅಂಕಪಟ್ಟಿ ಆ ಆಧಾರ. ತಂದೆಯ ಹೆಸರಿಗೆ ಪಾಸ್‌ಪೋರ್ಟಿನ ಸ್ಪೆಲ್ಲಿಂಗ್ ಸಾಕು. ದಾವಣಗೆರೆಯನ್ನು ಇಂಗ್ಲಿಷಿನಲ್ಲಿ ‘ಣ’ದ ನಂತರ ‘ಎ’ ಅಕ್ಷರ ಸೇರಿಸಿಯೂ ಬಿಟ್ಟೂ ಬರೆಯುವ ರೂಢಿ ಇರುವುದರಿಂದ ಒಂದನ್ನು ಆರಿಸಿ ಕೊನೆಯವರೆಗೆ ಅದನ್ನೇ ಬಳಸಬೇಕು.

ನಮ್ಮ ಜಿಲ್ಲೆಯವರಿಗೆ ಇನ್ನೊಂದು ತೊಡಕು ಇದೆ. ದಾವಣಗೆರೆ ಪ್ರತ್ಯೇಕ ಜಿಲ್ಲೆಯಾದದ್ದು 1997ರಲ್ಲಿ. ನಿಮ್ಮ 1993ರ ಪತ್ರದಲ್ಲಿ ‘ದಾವಣಗೆರೆ ತಾಲ್ಲೂಕು, ಚಿತ್ರದುರ್ಗ ಜಿಲ್ಲೆ’ ಎಂದೂ 2000ದ ಪಟ್ಟಿಯಲ್ಲಿ ‘ದಾವಣಗೆರೆ ಜಿಲ್ಲೆ’ ಎಂದೂ ಇರುತ್ತದೆ. ಎರಡೂ ಆಯಾ ಕಾಲಕ್ಕೆ ಸರಿಯೇ, ಹಳೆಯದನ್ನು ತಿದ್ದಬೇಡಿ. ನಾನು ಇದನ್ನು ಅನುವಾದದ ಅಡಿಯಲ್ಲಿ ‘ಅನುವಾದಕರ ಟಿಪ್ಪಣಿ’ ಎಂದು ಒಂದು ಸಾಲಿನಲ್ಲಿ ಹೇಳುತ್ತೇನೆ.

ದರ್ಜೆಯ ವಿಷಯದಲ್ಲಿ ನಾನೇ ಒಮ್ಮೆ ತಪ್ಪಿದ್ದೇನೆ. ‘ಏಳನೆಯ ತರಗತಿ’ ಮತ್ತು ‘ದ್ವಿತೀಯ ದರ್ಜೆ’ ಎರಡಕ್ಕೂ ‘ಕ್ಲಾಸ್’ ಎಂಬ ಒಂದೇ ಪದ ಹಾಕಿದ್ದೆ. ಅಭ್ಯರ್ಥಿ ಎರಡನೆಯ ತರಗತಿಯವರೆಗೆ ಮಾತ್ರ ಓದಿದ್ದಾರೆಯೇ ಎಂದು ಅಲ್ಲಿಂದ ಪತ್ರ ಬಂದು, ಅವರ ಅರ್ಜಿ ಕೆಲವು ವಾರ ನಿಂತುಹೋಯಿತು. ಅಂದಿನಿಂದ ತರಗತಿಗೆ ‘ಸ್ಟ್ಯಾಂಡರ್ಡ್’, ದರ್ಜೆಗೆ ‘ಕ್ಲಾಸ್’, ಶ್ರೇಣಿಗೆ ‘ಗ್ರೇಡ್’ ಎಂದು ನಿಗದಿ ಮಾಡಿಕೊಂಡು ಯಾವ ದಾಖಲೆಯಲ್ಲೂ ಅದಲುಬದಲು ಮಾಡುವುದಿಲ್ಲ. ಶೇಕಡಾವಾರು ಮೂಲದಲ್ಲಿ ಇಲ್ಲದಿದ್ದರೆ ಲೆಕ್ಕ ಹಾಕಿ ಸೇರಿಸಬಾರದು, ಏಕೆಂದರೆ ಆ ಹೋಲಿಕೆ ಮಾಡುವುದೇ ಮೌಲ್ಯಮಾಪನ ಸಂಸ್ಥೆಯ ಕೆಲಸ. ಕನ್ನಡ ಅಂಕಿಯ ದಿನಾಂಕಗಳಲ್ಲಿ ಮಾತ್ರ ತಿಂಗಳನ್ನು ಅಕ್ಷರದಲ್ಲಿ ಬರೆಯಿರಿ. ೦೫-೦೬-೧೯೯೩ ಎಂಬುದನ್ನು ಹಾಗೇ ಅಂಕಿಗಳಲ್ಲಿ ಬಿಟ್ಟರೆ ಕೆಲವು ದೇಶಗಳಲ್ಲಿ ಅದನ್ನು ಮೇ ತಿಂಗಳ ಆರನೆಯ ತಾರೀಖು ಎಂದು ಓದುತ್ತಾರೆ.

ಮೊಹರಿಗೆ ಮೂಲ ಕಾಗದವೇ ಬೇಕು, ಜೆರಾಕ್ಸ್ ಸಾಲದು. ದುಂಡು ಮೊಹರೋ ಉದ್ದ ಮೊಹರೋ, ಹಾಳೆಯ ಯಾವ ಮೂಲೆಯಲ್ಲಿದೆ, ಒಳಗೆ ಓದಲು ಬರುವ ಅಕ್ಷರಗಳು ಯಾವುವು, ಇಷ್ಟನ್ನು ಚೌಕ ಆವರಣದಲ್ಲಿ ಅದೇ ಜಾಗದಲ್ಲಿ ಬರೆಯಬೇಕು. ಮಾಸಿದ ಭಾಗಕ್ಕೆ ‘ಅಸ್ಪಷ್ಟ’ ಎಂದೇ ಹಾಕಬೇಕು. ಶಾಲೆಯ ಹೆಸರು ನಮಗೆ ಗೊತ್ತಿದೆಯೆಂದು ತುಂಬಿಸಬಾರದು. ಸಹಿ ಓದಲು ಬಾರದಿದ್ದರೆ ‘ಸಹಿ ಇದೆ’ ಎಂದಷ್ಟೇ ಸಾಕು. ಜೆರಾಕ್ಸ್ ಮೇಲೆ ಅಧಿಕಾರಿಯೊಬ್ಬರು ಒತ್ತಿದ ‘ನಿಜ ಪ್ರತಿ’ ಮೊಹರನ್ನು ಶಾಲೆಯ ಮೊಹರಿನ ಜೊತೆ ಬೆರೆಸಿ ಬರೆದ ಅನುವಾದಗಳನ್ನು ನಾನು ನೋಡಿದ್ದೇನೆ. ಮೂಲದಿಂದ ಅನುವಾದಿಸಿದರೆ ಆ ಗೊಂದಲ ಹುಟ್ಟುವುದೇ ಇಲ್ಲ.

ಶಿಕ್ಷಕರು, ಚಳ್ಳಕೆರೆ: ನನ್ನ ಮಗನ ಎಸ್.ಎಸ್.ಎಲ್.ಸಿ. ಅಂಕಪಟ್ಟಿಯಲ್ಲಿ ತಾಯಿಯ ಹೆಸರು ತಪ್ಪಾಗಿತ್ತು. ಮುಖ್ಯೋಪಾಧ್ಯಾಯರ ಮೂಲಕ ಮಂಡಳಿಗೆ ಅರ್ಜಿ ಕೊಟ್ಟು ತಿದ್ದಿಸಿದೆವು. ತಾವೂ ಮೊದಲು ಮೂರೂ ದಾಖಲೆಗಳಲ್ಲಿ ಹೆಸರು ತಿದ್ದಿಸಿಕೊಳ್ಳುವುದು ಒಳ್ಳೆಯದು.

ಅನುವಾದಕಿ, ದಾವಣಗೆರೆ: ಸರ್, ತಮ್ಮ ಮಗನದು ಮುದ್ರಣದ ತಪ್ಪು, ಅದಕ್ಕೆ ತಿದ್ದುಪಡಿಯೇ ದಾರಿ. ಇವರ ತಂಗಿಯದು ಬೇರೆ. ಆಯಾ ಕಾಲದಲ್ಲಿ ಕರೆದ ಹೆಸರೇ ಆಯಾ ಕಾಗದದಲ್ಲಿದೆ.

ತಂದೆಯೊಬ್ಬರು, ಹರಿಹರ: ಗುಮಾಸ್ತರ ಮಾತಿಗೆ ಒಂದು ಸೇರಿಸುತ್ತೇನೆ. ನಮ್ಮ ಮಗಳು ಜರ್ಮನಿಗೆ ಹೊರಟಾಗ ಇಲ್ಲಿನ ನೋಟರಿ ದೃಢೀಕರಿಸಿದ ಅನುವಾದವನ್ನು ಅಲ್ಲಿನ ಕಚೇರಿ ಒಪ್ಪಲಿಲ್ಲ. ಅಲ್ಲಿಯ ನ್ಯಾಯಾಲಯದ ಮುಂದೆ ಪ್ರಮಾಣ ಸ್ವೀಕರಿಸಿದ ಅನುವಾದಕರಿಂದಲೇ ಮತ್ತೆ ಮಾಡಿಸಬೇಕಾಯಿತು. ಯಾರ ಸಹಿ ಬೇಕೆಂದು ಕಳುಹಿಸುವ ಸಂಸ್ಥೆಯ ಸೂಚನೆಯಲ್ಲಿ ಮೊದಲೇ ಓದಿಕೊಳ್ಳಿ. ಜಿಲ್ಲೆಯ ಬಗೆಗಿನ ಟಿಪ್ಪಣಿಯನ್ನು ಅನುವಾದದ ಹಾಳೆಯಲ್ಲಿ ಹಾಕದೆ ಬೇರೆ ಪತ್ರದಲ್ಲಿ ಬರೆಯಬೇಕೆಂದು ನಮಗೆ ಹೇಳಿದ್ದರು. ಮೂಲದಲ್ಲಿ ಇಲ್ಲದ ಯಾವ ಸಾಲೂ ಆ ಹಾಳೆಯಲ್ಲಿ ಇರಬಾರದಂತೆ.

ಗುಮಾಸ್ತರು, ಚಿತ್ರದುರ್ಗ: ಹೆಸರಿನ ಮಾತನ್ನು ಒಪ್ಪುತ್ತೇನೆ ಮೇಡಂ. ಆದರೆ ಟಿಪ್ಪಣಿ ಬೇರೆ ಹಾಳೆಗೆ ಹೋದರೆ ಕಳೆದುಹೋಗುವ ಸಾಧ್ಯತೆಯೇ ಹೆಚ್ಚು.

ಕೇಳಿದವರು, ದಾವಣಗೆರೆ: ಎಲ್ಲರಿಗೂ ಕೃತಜ್ಞತೆಗಳು. ಮೂಲ ಕಾಗದಗಳನ್ನು ಇಂದು ತೆಗೆದು ನೋಡಿದಾಗ ಇನ್ನೊಂದು ಕಂಡಿತು. ಟಿ.ಸಿ.ಎಚ್. ಪಟ್ಟಿಯಲ್ಲಿ ಒಟ್ಟು 600ಕ್ಕೆ ಅಂಕಿಗಳಲ್ಲಿ ೩೪೮ ಎಂದಿದೆ, ಅಕ್ಷರಗಳಲ್ಲಿ ‘ಮುನ್ನೂರ ಮೂವತ್ತೆಂಟು’ ಎಂದಿದೆ. ವಿಷಯವಾರು ಕೂಡಿದರೆ 348 ಬರುತ್ತದೆ.

ಅನುವಾದಕಿ, ದಾವಣಗೆರೆ: ಕೂಡಿ ನೋಡಿದ್ದು ಒಳ್ಳೆಯದಾಯಿತು. ಆದರೂ ಅನುವಾದದಲ್ಲಿ ಅಂಕಿಯಲ್ಲಿ 348, ಅಕ್ಷರದಲ್ಲಿ 338 ಎಂದೇ ಬರೆದು ‘ಮೂಲದಲ್ಲಿ ಹೀಗಿದೆ’ ಎಂದು ಸೂಚಿಸಬೇಕು. ಸರಿಪಡಿಸುವ ಹಕ್ಕು ಪಟ್ಟಿ ಕೊಟ್ಟ ಸಂಸ್ಥೆಗೆ ಮಾತ್ರ ಇದೆ. ಸಮಯವಿದ್ದರೆ ಅನುವಾದಕ್ಕೆ ಮೊದಲೇ ಅಲ್ಲಿಂದ ತಿದ್ದುಪಡಿ ಪತ್ರ ಪಡೆಯಿರಿ, ಏಕೆಂದರೆ ಅನುವಾದಕ್ಕೆ ಸಹಿಯಾದ ಮೇಲೆ ಮೂಲ ಬದಲಾದರೆ ಆ ಅನುವಾದ ಮತ್ತೆ ಹೊಸದಾಗಿ ಆಗಬೇಕು.

ಕೇಳಿದವರು, ದಾವಣಗೆರೆ: ಆ ತರಬೇತಿ ಸಂಸ್ಥೆ ಮುಚ್ಚಿ ವರ್ಷಗಳಾದವು. ಅದರ ದಾಖಲೆ ಪುಸ್ತಕಗಳು ಯಾವ ಕಚೇರಿಗೆ ಹೋಗಿವೆ ಎಂಬುದು ಗೊತ್ತಿರುವವರು ಇದ್ದರೆ ತಿಳಿಸಿ. ಸೋಮವಾರ ಜಿಲ್ಲಾ ಶಿಕ್ಷಣ ಇಲಾಖೆಯ ಕಚೇರಿಯಿಂದಲೇ ವಿಚಾರಣೆ ಆರಂಭಿಸುತ್ತೇನೆ.